ದೇವರಿಗೇರಿಸಿದ ಹೂವು ಹೊಳೆಗೆ ಬೇಡ (ಕಿರು ವಿಡಿಯೊ)

ದೃಶ್ಯ 1
ನಂಜನಗೂಡು ಹತ್ತಿರದ ಹಳ್ಳಿ, ಕಪಿಲಾ ಹೊಳೆ ದಂಡೆ. ಮಂಗಳವಾರ ಬೆಳಗ್ಗೆ. ಗಂಟು ಹಾಕಿದ ಪ್ಲಾಸ್ಟಿಕ್ ಕವರುಗಳು ತೇಲುತ್ತಿವೆ. ಒಳಗೆ ಸೇವಂತಿಗೆ ಹಾರ.

ಹಿನ್ನೆಲೆ ದನಿ (ಸ್ತ್ರೀಶಕ್ತಿ ಸಂಘದ ಅಕ್ಕ): ನಿನ್ನೆ ಕಾರ್ತಿಕ ಸೋಮವಾರ. ಈಶ್ವರನಿಗೆ ಹಾಕಿದ ಹಾರ ಇವತ್ತು ಹೊಳೆಯಲ್ಲಿದೆ. ಹೂವು ಕೊಳೆತಷ್ಟೂ ನೀರಿನ ಆಮ್ಲಜನಕ ಕಡಿಮೆಯಾಗುತ್ತದೆ. ಮೀನು ಉಸಿರಾಡಬೇಡವೇ?

ದೃಶ್ಯ 2
ಗುಡಿ ಹಿಂದಿನ ಜಗಲಿ. ಅರ್ಚಕರು ಹೂವಿನ ಬುಟ್ಟಿ ತಂದಿಡುತ್ತಾರೆ.

ಅರ್ಚಕರು: ನಿರ್ಮಾಲ್ಯ ಕಾಲಿಗೆ ಸಿಗಬಾರದು ಅಂತ ಹೊಳೆಗೆ ಬಿಡ್ತಿದ್ವಿ ತಾಯಿ. ಗಿಡದ ಬುಡ ಸೇರಿದರೂ ಯಾರೂ ತುಳಿಯಲ್ಲ ಅಲ್ವಾ?

ಅಕ್ಕ: ಹೌದು ಸ್ವಾಮಿ, ಸಂತೋಷವಾಗಿ ತಗೋತೀವಿ.

ದೃಶ್ಯ 3
ಕೈಗಳು ಹತ್ತಿರದಿಂದ. ಕತ್ತರಿ ಹಾರದ ದಾರ ಕತ್ತರಿಸುತ್ತದೆ. ಚೆಂಡುಹೂ ಒಂದೊಂದಾಗಿ ಜಾರಿ ಬುಟ್ಟಿಗೆ ಬೀಳುತ್ತದೆ. ಪಕ್ಕದ ಡಬ್ಬದಲ್ಲಿ ಗುಂಡುಪಿನ್ನು, ಜರಿ, ನೈಲಾನ್ ದಾರ.

ಅಕ್ಕ: ನಿಜವಾದ ಕೆಲಸ ಇಲ್ಲೇ ಇರೋದು. ಬಾಳೆನಾರಿನಲ್ಲಿ ಕಟ್ಟಿದ್ದರೆ ಹಾಗೇ ಗೊಬ್ಬರಕ್ಕೆ ಹಾಕಬಹುದು, ನಾರೂ ಕೊಳೆಯುತ್ತದೆ. ನೈಲಾನ್ ದಾರ ಎಷ್ಟು ವರ್ಷವಾದರೂ ಕೊಳೆಯಲ್ಲ. ಒಂದು ಹಾರದ ದಾರ ಬಿಡಿಸೋಕೆ ಹೋಗೋ ಹೊತ್ತಲ್ಲಿ ನಾರಿನ ಹಾರ ನಾಲ್ಕು ಮುಗಿಯುತ್ತವೆ. ಹೂ ಕಟ್ಟುವ ಅಕ್ಕಂದಿರೇ, ದಯವಿಟ್ಟು ನಾರಿನಲ್ಲೇ ಕಟ್ಟಿ. ಎಣ್ಣೆ ಬತ್ತಿ, ಕರ್ಪೂರದ ಕವರು ಹೂವಿನ ಬುಟ್ಟಿಗೆ ಬೇಡ. ಹಾರ ದನಕ್ಕೂ ತಿನ್ನಿಸಬೇಡಿ, ಮಾರುಕಟ್ಟೆ ಹೂವಿಗೆ ಔಷಧಿ ಹೊಡೆದಿರುತ್ತಾರೆ.

ದೃಶ್ಯ 4
ನೆರಳಲ್ಲಿ ಚಾಪೆ ಮೇಲೆ ಹರಡಿದ ಎಸಳು. ಮಿಕ್ಸಿಯಿಂದ ಬರುವ ಹಳದಿ ಪುಡಿ.

ಅಕ್ಕ: ಹತ್ತು ಕೆಜಿ ಹಸಿ ಹೂವು ಒಣಗಿದರೆ ಒಂದೆರಡು ಕೆಜಿ ಉಳಿದೀತು, ಅಷ್ಟೇ. ಊದಿನಕಡ್ಡಿಗೆ ಎರಡು ಬಟ್ಟಲು ಹೂಪುಡಿ, ಒಂದು ಬಟ್ಟಲು ಮರದ ಪುಡಿ, ಅಂಟಿಗೆ ಒಂದು ಬಟ್ಟಲು ಜಿಗಟು ಪುಡಿ. ನೀರು ಚಿಮುಕಿಸಿ ಚಪಾತಿ ಹಿಟ್ಟಿನ ಹಾಗೆ ನಾದಿ. ಬಿದಿರು ಕಡ್ಡಿಗೆ ಹೊಸೆದು ನೆರಳಲ್ಲೇ ಒಣಗಿಸಿ. ಕಡ್ಡಿ ನಡುವೆ ಆರಿದರೆ ಜಿಗಟು ಜಾಸ್ತಿಯಾಗಿದೆ ಅಥವಾ ಸರಿಯಾಗಿ ಒಣಗಿಲ್ಲ.

ಪರದೆ ಮೇಲೆ: ಕಾನ್ಪುರದ ‘ಫೂಲ್’ ಸಂಸ್ಥೆ ಗುಡಿಗಳ ಹೂವಿನಿಂದಲೇ ಊದುಬತ್ತಿ ಮಾಡುತ್ತದೆ. ‘ಮೈಸೂರು ಅಗರಬತ್ತಿ’ಗೆ 2005ರಲ್ಲೇ ಜಿಐ ಎಂಬ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ.

ಅಕ್ಕ: ಊದಿನಕಡ್ಡಿ ಹೊಸೆಯೋದು ನಮ್ಮ ಸೀಮೆ ಹೆಂಗಸರಿಗೆ ಹೊಸದೇನಲ್ಲ. ಹೂವೊಂದೇ ಹೊಸದು.

ದೃಶ್ಯ 5
ಸಿಮೆಂಟ್ ತೊಟ್ಟಿ. ಒಣಗಿದೆಲೆ, ಹೂವು, ಸಗಣಿ ನೀರು, ಮತ್ತೆ ಒಣಗಿದೆಲೆ.

ಅಕ್ಕ: ಬಾಡಿದ, ಕಪ್ಪಾದ ಹೂವೆಲ್ಲ ಇಲ್ಲಿಗೆ. ಬರೀ ಹೂವು ತುಂಬಿದರೆ ಕೊಳೆತು ನಾರುತ್ತದೆ, ಒಣಗಿದೆಲೆ ಧಾರಾಳವಾಗಿ ಹಾಕಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಬರಬಾರದು. ವಾರಕ್ಕೊಮ್ಮೆ ಮಗುಚಿ. ಎರಡು-ಮೂರು ತಿಂಗಳಿಗೆ ಮಣ್ಣಿನ ವಾಸನೆ ಬಂದರೆ ಗೊಬ್ಬರ ಸಿದ್ಧ.

ದೃಶ್ಯ 6
ಗುಡಿ ಬಾಗಿಲಲ್ಲಿ ಎರಡು ಬುಟ್ಟಿ. ಚೀಟಿಗಳಲ್ಲಿ ‘ಹೂವು’, ‘ದಾರ, ಕವರು’.

ಅಕ್ಕ: ಬರುವ ಸೋಮವಾರ ಮಂಗಳಾರತಿ ಆದ ಮೇಲೆ ಜಗಲಿಯಲ್ಲಿ ಹೂ ಬಿಡಿಸ್ತೀವಿ. ಬಿಡುವಿದ್ದವರು ಬನ್ನಿ. ಬರುವಾಗ ಮನೆಯಿಂದ ಕತ್ತರಿ ತನ್ನಿ.