ಮೊದಲು ಬೆಲೆ ಹಿಡಿತಕ್ಕೆ ಬರಲಿ

ಮಾನ್ಯ ತೀರ್ಪುಗಾರರೇ, ಗುರುಗಳೇ, ಗೆಳೆಯರೇ,

ಶಿರಸಿಯವರಾದ ನಾವು ಅಡಿಕೆ ಸುಲಿಯುವುದನ್ನು ನೋಡುತ್ತಲೇ ಬೆಳೆದವರು. ನಮ್ಮ ಕೇರಿಯ ಅಕ್ಕ ಒಬ್ಬರು ಕೊಯ್ಲಿನ ದಿನಗಳಲ್ಲಿ ರಾತ್ರಿ ಹತ್ತರವರೆಗೂ ಮೆಟ್ಟುಗತ್ತಿಯ ಮುಂದೆ ಕೂತಿರುತ್ತಾರೆ. ಸುಲಿದದ್ದನ್ನು ಡಬ್ಬಿಯಲ್ಲಿ ಅಳೆದು ಕೂಲಿ. ಡಬ್ಬಿಗೆ ಇಷ್ಟು ಅಂತ ಕೊಯ್ಲು ಶುರುವಾಗುವಾಗಲೇ ಮಾತಾಗಿರುತ್ತದೆ. ನಡುವೆ ಎಣ್ಣೆ, ಬೇಳೆ, ಗ್ಯಾಸ್ ಎಷ್ಟೇ ಏರಲಿ, ಆ ದರ ಏರುವುದಿಲ್ಲ. ಕೈ ಅಷ್ಟೇ ಸವೆಯುತ್ತದೆ, ಮನೆಗೆ ಬರುವ ಬೇಳೆ ಕಮ್ಮಿಯಾಗುತ್ತದೆ. ಅವರ ಕೂಲಿಯನ್ನು ಯಾರೂ ಕಡಿತ ಮಾಡಲಿಲ್ಲ, ಅಲ್ವಾ? ಆದರೂ ಕಡಿತವಾಯಿತು.

ಅದಕ್ಕೇ ನಾನು ಈ ವಿಷಯದ ಪರವಾಗಿ ನಿಂತಿದ್ದೇನೆ. ಕೇಂದ್ರ ಬ್ಯಾಂಕು ಮೊದಲು ಬೆಲೆ ಕಾಯಬೇಕು. ಈ ವರ್ಷದ ಬೆಳವಣಿಗೆಯ ಲೆಕ್ಕ ಆಮೇಲೆ.

ಎದುರು ತಂಡದ ಗೆಳೆಯರು ಹೇಳಿದರು: ಬಡ್ಡಿ ಏರಿಸಿದರೆ ಟೊಮೆಟೊ ಬೆಳೆಯುತ್ತದೆಯೇ? ಇಲ್ಲ, ಒಪ್ಪುತ್ತೇನೆ. ಮಳೆ ಕೈಕೊಟ್ಟರೆ ರಿಸರ್ವ್ ಬ್ಯಾಂಕ್ ಏನೂ ಮಾಡಲಾಗದು. ಆದರೆ ಬೆಲೆಯೇರಿಕೆ ಟೊಮೆಟೊದಲ್ಲೇ ನಿಲ್ಲುವುದಿಲ್ಲ. ನಾಳೆ ಇನ್ನೂ ಜಾಸ್ತಿಯಾಗುತ್ತದೆ ಅಂತ ಜನರಿಗೆ ಖಾತ್ರಿಯಾದರೆ ಆಟೋದವರು, ಹೋಟೆಲಿನವರು, ಮನೆ ಮಾಲೀಕರು ಇವತ್ತೇ ಏರಿಸುತ್ತಾರೆ. ಬಡ್ಡಿ ಏರಿಸಿ, ಸಾಲ ಮತ್ತು ಖರ್ಚಿನ ಓಟ ತಗ್ಗಿಸಿ, ಆ ಹೆದರಿಕೆ ಬೇರೂರದಂತೆ ನೋಡುವುದು ಕೇಂದ್ರ ಬ್ಯಾಂಕಿನ ಕೆಲಸ.

ಟರ್ಕಿಯನ್ನು ನೋಡಿ. 2021ರಲ್ಲಿ ಬೆಲೆಗಳು ಏರುತ್ತಿದ್ದಾಗಲೇ ಬೆಳವಣಿಗೆ ಬೇಕು ಅಂತ ಬಡ್ಡಿಯನ್ನು ಶೇ. 19ರಿಂದ 14ಕ್ಕೆ ಇಳಿಸಿದರು. ಬೆಳವಣಿಗೆ ಬಂತು, ಸುಳ್ಳಲ್ಲ. ಆದರೆ 2022ರ ಅಕ್ಟೋಬರಿನಲ್ಲಿ ಬೆಲೆಯೇರಿಕೆ ಶೇ. 85 ದಾಟಿತು. ಕೊನೆಗೆ 2024ರ ಮಾರ್ಚಿನಲ್ಲಿ ಬಡ್ಡಿ ಶೇ. 50ಕ್ಕೆ ಹೋಯಿತು. ಆ ಬಡ್ಡಿಗೆ ಸಾಲ ತಂದು ಯಾವ ಅಂಗಡಿಯವನು ವ್ಯಾಪಾರ ಮಾಡಬೇಕು?

ಅಮೆರಿಕದಲ್ಲೂ ಅಷ್ಟೇ. 1970ರ ದಶಕವಿಡೀ ಬೆಲೆಗೆ ಬಿಗಿ ಹಿಡಿಯಲು ಹಿಂದೆಮುಂದೆ ನೋಡಿದರು. ಆಮೇಲೆ ಅಲ್ಲಿನ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಪಾಲ್ ವೋಲ್ಕರ್ ಬಡ್ಡಿಯನ್ನು ಶೇ. 20ರ ಹತ್ತಿರ ಒಯ್ಯಬೇಕಾಯಿತು. 1982ರ ಕೊನೆಗೆ ನಿರುದ್ಯೋಗ ಶೇ. 10.8. ಆ ನೋವನ್ನು ನಾನು ಹಗುರ ಮಾಡುವುದಿಲ್ಲ, ಎಷ್ಟೋ ಮನೆಗಳ ಒಲೆ ಆರಿತು. ಆದರೆ ಮೊದಲೇ ಬಿಗಿ ಹಿಡಿದಿದ್ದರೆ ಅಷ್ಟು ನೋವು ಬೇಕಿತ್ತೇ?

ನಮ್ಮ ಕಾನೂನು 2016ರಿಂದ ಇದನ್ನೇ ಹೇಳುತ್ತಿದೆ. ಬೆಲೆಯೇರಿಕೆಯ ಗುರಿ ಶೇ. 4, ಆಚೀಚೆ 2ರಷ್ಟು ಅವಕಾಶ. ಬೆಳವಣಿಗೆಯನ್ನು ಮರೆಯಬೇಡಿ ಅಂತಲೂ ಅದರಲ್ಲೇ ಇದೆ. 2022ರ ಏಪ್ರಿಲಿನಲ್ಲಿ ಬೆಲೆಯೇರಿಕೆ ಶೇ. 7.79 ಮುಟ್ಟಿತು. ಮೇ ತಿಂಗಳಿಂದ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಅಂದರೆ ರೆಪೋ ದರವನ್ನು ಶೇ. 4ರಿಂದ ಏರಿಸುತ್ತಾ 2023ರ ಫೆಬ್ರವರಿಗೆ 6.5ಕ್ಕೆ ತಂದಿತು. ಮನೆ ಸಾಲದ ಕಂತು ಏರಿತು, ನಮ್ಮ ಮನೆಯಲ್ಲೂ. ಆದರೂ ದೇಶದ ಬೆಳವಣಿಗೆ ನಿಂತುಹೋಗಲಿಲ್ಲ.

ಎದುರಿನ ಗೆಳೆಯರಿಗೆ ಒಂದೇ ಪ್ರಶ್ನೆ. ಸಾಲಗಾರನ ಕಂತಿನ ಬಗ್ಗೆ ನೀವು ಐದು ನಿಮಿಷ ಮಾತಾಡಿದಿರಿ. ಬ್ಯಾಂಕು ಯಾವತ್ತೂ ಸಾಲವನ್ನೇ ಕೊಡದ, ಡಬ್ಬಿ ಲೆಕ್ಕದಲ್ಲಿ ಬದುಕುವ ಆ ಅಕ್ಕನಿಗೆ ನಿಮ್ಮ ವಾದದಲ್ಲಿ ಜಾಗ ಎಲ್ಲಿದೆ?