ಸರಳ ಲೋಲಕ: ಸಿಮ್ಯುಲೇಟರ್‌ನಲ್ಲಿ ಮಾಡಿದ ಪ್ರಯೋಗದ ವರದಿ

ಬಿಎಸ್ಸಿ ಮೊದಲ ಸೆಮಿಸ್ಟರ್, ಭೌತಶಾಸ್ತ್ರ. ಪ್ರಯೋಗ 4. ಬೆಂಗಳೂರು, ಮಾರ್ಚ್ 12, 2025. ಇಬ್ಬರು ಸೇರಿ ಮಾಡಿದ್ದು: ನಾನು ಸಿಮ್ಯುಲೇಟರ್ ನಡೆಸಿದೆ, ಜೊತೆಗಾರ್ತಿ ರೀಡಿಂಗ್ ಬರೆದುಕೊಂಡಳು.

ಲ್ಯಾಬ್‌ನಲ್ಲಿ ರಿಪೇರಿ ನಡೆಯುತ್ತಿದ್ದರಿಂದ ಈ ಬಾರಿ ನಿಜವಾದ ದಾರ, ಗುಂಡು ಯಾವುದೂ ಇರಲಿಲ್ಲ. ಕೆಳಗಿನ ಎಲ್ಲಾ ಅಂಕಿಗಳು ಕೊಲರಾಡೊ ಬೌಲ್ಡರ್ ವಿಶ್ವವಿದ್ಯಾಲಯದ PhET ತಾಣದ `Pendulum Lab` ಸಿಮ್ಯುಲೇಟರ್‌ನಿಂದ ಬಂದಿವೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವ g ಬೆಲೆಯನ್ನು ಓದುವ ರೀತಿಯೇ ಇದರಿಂದ ಬದಲಾಗುತ್ತದೆ.

ಉದ್ದೇಶ

ಲೋಲಕದ ಉದ್ದ, ಗುಂಡಿನ ತೂಕ ಮತ್ತು ಬಿಡುವ ಕೋನ ಬದಲಾದಾಗ ಆವರ್ತಕಾಲ T ಹೇಗೆ ಬದಲಾಗುತ್ತದೆ ಎಂದು ನೋಡುವುದು, T² ಮತ್ತು L ಗ್ರಾಫ್‌ನಿಂದ g ಲೆಕ್ಕ ಹಾಕುವುದು.

ಮಾಡಿದ ರೀತಿ

ಗುರುತ್ವವನ್ನು ಭೂಮಿಗೆ ಇಟ್ಟೆವು (ಸಿಮ್ಯುಲೇಟರ್ ಇದಕ್ಕೆ 9.81 ಮೀ/ಸೆ² ಬಳಸುತ್ತದೆ). ಘರ್ಷಣೆ ಸೊನ್ನೆ, ಗುಂಡು 1.00 ಕೆ.ಜಿ., ಕೋನ 10°. ಉದ್ದವನ್ನು 0.20 ಮೀಟರ್‌ನಿಂದ 1.00 ಮೀಟರ್‌ವರೆಗೆ ಏರಿಸುತ್ತಾ, ಅದರಲ್ಲೇ ಇರುವ ಟೈಮರ್‌ನಿಂದ ಒಂದು ಪೂರ್ತಿ ತೂಗಾಟದ ಕಾಲ ತೆಗೆದುಕೊಂಡೆವು.

```
L (ಮೀ)   T (ಸೆ)   T² (ಸೆ²)
0.20     0.899    0.808
0.40     1.271    1.615
0.60     1.557    2.424
0.80     1.798    3.233
1.00     2.010    4.040
```

ಗ್ರಾಫ್ ನೇರ ಗೆರೆಯೇ ಬಂತು, ಇಳಿಜಾರು 4.04 ಸೆ²/ಮೀ. g = 4π²/4.04, ಅಂದರೆ 9.77 ಮೀ/ಸೆ².

ಉದ್ದ 1.00 ಮೀಟರ್ ಇಟ್ಟು ತೂಕವನ್ನು 0.50 ಮತ್ತು 1.50 ಕೆ.ಜಿ. ಮಾಡಿದರೂ T 2.010 ಸೆಕೆಂಡೇ ಇತ್ತು. ಕೋನ 30° ಮಾಡಿದಾಗ 2.041, 60° ಮಾಡಿದಾಗ 2.153 ಸೆಕೆಂಡು.

9.77 ಯಾಕೆ ಬಂತು

ಒಳಗೆ ಇಟ್ಟಿದ್ದು 9.81, ಹೊರಗೆ ಬಂದಿದ್ದು 9.77. ಇದನ್ನು "ಪ್ರಯೋಗದ ದೋಷ" ಎಂದು ಬರೆದು ಮುಗಿಸೋಣ ಅಂತ ಮೊದಲು ಅನಿಸಿತ್ತು. ಆದರೆ ಇಲ್ಲಿ ಅಳತೆಯ ತಪ್ಪು ಆಗುವುದಕ್ಕೆ ಜಾಗವೇ ಇಲ್ಲ: ದಾರ ಹಿಗ್ಗುವುದಿಲ್ಲ, ಕೈ ನಡುಗುವುದಿಲ್ಲ. ವ್ಯತ್ಯಾಸ ಬಂದಿದ್ದು ನಾವು ಬಳಸಿದ ಸೂತ್ರದಿಂದ. T = 2π√(L/g) ತುಂಬಾ ಸಣ್ಣ ಕೋನಗಳಿಗೆ ಮಾತ್ರ ಸರಿ. ಕೋನ ದೊಡ್ಡದಾದಂತೆ T ಸುಮಾರು (1 + θ²/16) ಪಟ್ಟು ಆಗುತ್ತದೆ, θ ರೇಡಿಯನ್‌ನಲ್ಲಿ. 10° ಅಂದರೆ 0.1745 ರೇಡಿಯನ್, ಆಗ T ಶೇ 0.19ರಷ್ಟು ಜಾಸ್ತಿ, g ಶೇ 0.38ರಷ್ಟು ಕಡಿಮೆ. ಇದನ್ನು ಸರಿಪಡಿಸಿದರೆ 9.81 ವಾಪಸ್ ಬರುತ್ತದೆ. ಇಡೀ ಪ್ರಯೋಗದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ.

ಇನ್ನೊಂದು ಎಚ್ಚರ. ಬೆಂಗಳೂರಿನ ನಿಜವಾದ g ಸುಮಾರು 9.78. ನಮ್ಮ 9.77 ಅದರ ಪಕ್ಕದಲ್ಲೇ ಬಂದು ಕೂತಿದೆ, ಆದರೆ ಇದು ಬರೀ ಕಾಕತಾಳೀಯ. ನಮ್ಮ ಊರಿನ ಗುರುತ್ವವನ್ನು ನಾವು ಅಳೆದಿಲ್ಲ.

ಮಿತಿಗಳು

ಎಲ್ಲಕ್ಕಿಂತ ದೊಡ್ಡದು: ಸಿಮ್ಯುಲೇಟರ್ ಪ್ರಕೃತಿಯನ್ನು ಅಳೆಯುವುದಿಲ್ಲ, ಅದರೊಳಗೆ ಬರೆದಿಟ್ಟ ಸಮೀಕರಣವನ್ನು ಬಿಡಿಸುತ್ತದೆ. ಹಾಗಾಗಿ "ತೂಕ ಬದಲಾದರೂ T ಬದಲಾಗುವುದಿಲ್ಲ" ಎಂಬುದನ್ನು ನಾವು ಸಾಬೀತು ಮಾಡಿದೆವು ಅನ್ನಲು ಬರುವುದಿಲ್ಲ. ಆ ಸಮೀಕರಣದಲ್ಲಿ ತೂಕವೇ ಇಲ್ಲ, ಅಷ್ಟೇ. ಲೆಕ್ಕ ಮತ್ತು ಗ್ರಾಫ್ ಒಂದಕ್ಕೊಂದು ಹೊಂದುತ್ತವೆ ಎಂದಷ್ಟೇ ಹೇಳಬಹುದು.

ಒಂದೇ ರೀಡಿಂಗನ್ನು ಐದು ಸಲ ತೆಗೆದಾಗ ಐದೂ ಸಲ ಅದೇ ಅಂಕಿ ಬಂತು. ಇದರ ಅರ್ಥ ನಮ್ಮ ಅಳತೆ ತುಂಬಾ ನಿಖರ ಎಂದಲ್ಲ, ಇಲ್ಲಿ ಏರುಪೇರು ಹುಟ್ಟುವುದೇ ಇಲ್ಲ ಎಂದು. ಆದ್ದರಿಂದ ಕೋಷ್ಟಕದಲ್ಲಿ ± ಹಾಕಿಲ್ಲ. ಸುಮ್ನೆ ಒಂದು ± ಹಾಕಿದ್ದರೆ ಅದು ಸುಳ್ಳಾಗುತ್ತಿತ್ತು.

ನಿಜವಾದ ಏರುಪೇರು ಸಿಕ್ಕಿದ್ದು ಒಂದೇ ಕಡೆ. ಉದ್ದ 1.00 ಮೀಟರ್, ಕೋನ 10° ಇಟ್ಟು, ಪರದೆಯ ಸ್ಟಾಪ್‌ವಾಚನ್ನು ನಾನೇ ಒತ್ತಿ ಹತ್ತು ತೂಗಾಟ ಎಣಿಸಿದೆ: 20.21, 19.98, 20.14 ಸೆಕೆಂಡು. ಸರಾಸರಿ 20.11, ಅಂದರೆ T 2.011. ಇಲ್ಲಿ ಕಾಣುವ ವ್ಯತ್ಯಾಸ ನನ್ನ ಬೆರಳಿನದು, ಲೋಲಕದ್ದಲ್ಲ.

ಗುಂಡಿನ ಗಾತ್ರ, ದಾರದ ತೂಕ, ಕೊಕ್ಕೆಯ ಅಲುಗಾಟ, ಗಾಳಿಯ ತಡೆ ಯಾವುದೂ ಲೆಕ್ಕದಲ್ಲಿ ಇರಲಿಲ್ಲ. ಲ್ಯಾಬ್‌ನಲ್ಲಾದರೆ ಕೊಕ್ಕೆಯಿಂದ ಗುಂಡಿನ ನಡುವಿನವರೆಗೆ ಉದ್ದ ಅಳೆಯಬೇಕು, ತಪ್ಪುವುದು ಅಲ್ಲೇ ಜಾಸ್ತಿ ಅಲ್ವಾ. ಇಲ್ಲಿ ಸ್ಲೈಡರ್ ಎಳೆದರೆ ಉದ್ದ ಸಿಕ್ಕಿಬಿಡುತ್ತದೆ, ಆ ಅಭ್ಯಾಸ ನಮಗೆ ಆಗಲಿಲ್ಲ. ಘರ್ಷಣೆಯ ಭಾಗವನ್ನು ಬೇಕೆಂದೇ ಬಿಟ್ಟೆವು, ಅದರ ಸ್ಲೈಡರ್‌ನಲ್ಲಿ ಅಂಕಿಯೂ ಇಲ್ಲ, ಮಾನವೂ ಇಲ್ಲ.

ಮುಂದೆ

ಲ್ಯಾಬ್ ತೆರೆದ ಮೇಲೆ 0.60 ಮತ್ತು 1.00 ಮೀಟರ್ ದಾರದಲ್ಲಿ, 5° ಕೋನದಲ್ಲಿ, ಇಪ್ಪತ್ತು ತೂಗಾಟ ಎಣಿಸಿ ಐದೈದು ರೀಡಿಂಗ್ ತೆಗೆಯುತ್ತೇವೆ. ಆ ಅಂಕಿಗಳನ್ನು ಈ ಕೋಷ್ಟಕದ ಜೊತೆ ಬೆರೆಸದೆ ಬೇರೆ ಪುಟದಲ್ಲಿ ಬರೆಯುತ್ತೇವೆ. ಸ್ಟಾಪ್‌ವಾಚ್‌ನ ಮೂರೂ ರೀಡಿಂಗ್‌ಗಳನ್ನು, 19.98 ದೂರ ನಿಂತಿದ್ದರೂ, ತೆಗೆದುಹಾಕದೆ ಹಾಗೇ ಇಟ್ಟಿದ್ದೇವೆ.