ಮರಣದಂಡನೆ ರದ್ದಾಗಬೇಕು: ನಿರ್ಣಯದ ಪರವಾದ ವಾದ

ಮಾನ್ಯ ಅಧ್ಯಕ್ಷರೇ, ಗೌರವಾನ್ವಿತ ತೀರ್ಪುಗಾರರೇ, ಎದುರು ಪಕ್ಷದ ಗೆಳೆಯರೇ ಮತ್ತು ಸಹಪಾಠಿಗಳೇ,

ಮರಣದಂಡನೆಯನ್ನು ನಮ್ಮ ಕಾನೂನಿನಿಂದ ಸಂಪೂರ್ಣವಾಗಿ ತೆಗೆದುಹಾಕಬೇಕೆಂಬ ನಿರ್ಣಯದ ಪರವಾಗಿ ಮಾತನಾಡಲು ನಿಂತಿದ್ದೇನೆ. ನನಗಿಂತ ಮೊದಲು ಮಾತನಾಡಿದ ಎದುರು ಪಕ್ಷದವರು ಕೊಲೆಯಾದವರ ಕುಟುಂಬದ ಸಂಕಟವನ್ನು ಸಭೆಯ ಮುಂದಿಟ್ಟರು. ಆ ಸಂಕಟವನ್ನು ನಾನು ಕಿಂಚಿತ್ತೂ ಅಲ್ಲಗಳೆಯುವುದಿಲ್ಲ, ಅಪರಾಧ ಘೋರವಾದಾಗ ಶಿಕ್ಷೆಯೂ ಕಠಿಣವಾಗಿರಬೇಕೆಂಬುದನ್ನೂ ಒಪ್ಪುತ್ತೇನೆ. ಆದರೆ ಯಾರು ಬದುಕಬೇಕು, ಯಾರು ಸಾಯಬೇಕು ಎಂಬುದನ್ನು ತಪ್ಪಿಲ್ಲದೆ, ಎಲ್ಲರಿಗೂ ಒಂದೇ ಅಳತೆಗೋಲಿನಿಂದ ನಿರ್ಧರಿಸುವ ಶಕ್ತಿ ನಮ್ಮ ನ್ಯಾಯ ವ್ಯವಸ್ಥೆಗೆ ಇದೆಯೇ? ಇಲ್ಲವೆಂದು ನಾನು ವಾದಿಸುತ್ತೇನೆ, ಅದಕ್ಕೆ ಬೇಕಾದ ಸಾಕ್ಷ್ಯವನ್ನು ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳಿಂದಲೇ ತೆಗೆದುಕೊಳ್ಳುತ್ತೇನೆ.

ನಮ್ಮ ಕಾನೂನು ನಡೆದುಬಂದ ದಾರಿಯನ್ನು ಮೊದಲು ಗಮನಿಸಿ. 1898ರ ದಂಡ ಪ್ರಕ್ರಿಯಾ ಸಂಹಿತೆಯಡಿ ಕೊಲೆಗೆ ಗಲ್ಲು ಸಾಮಾನ್ಯವಾಗಿತ್ತು. ಗಲ್ಲು ವಿಧಿಸದ ನ್ಯಾಯಾಧೀಶರು ಅದಕ್ಕೆ ಕಾರಣ ಬರೆಯಬೇಕಿತ್ತು. 1955ರ ತಿದ್ದುಪಡಿ ಆ ನಿಯಮವನ್ನು ಕೈಬಿಟ್ಟಿತು. 1973ರ ಸಂಹಿತೆ ಅದನ್ನು ತಿರುಗಿಸಿಯೇ ಹಾಕಿ, ಗಲ್ಲು ವಿಧಿಸಲು ವಿಶೇಷ ಕಾರಣಗಳನ್ನು ದಾಖಲಿಸಬೇಕೆಂದಿತು. 1980ರಲ್ಲಿ ಬಚನ್ ಸಿಂಗ್ ಪ್ರಕರಣದ ಬಹುಮತದ ತೀರ್ಪು ಮರಣದಂಡನೆಯ ಸಿಂಧುತ್ವವನ್ನು ಎತ್ತಿಹಿಡಿಯಿತಾದರೂ, ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ, ಬೇರೆ ಶಿಕ್ಷೆಯ ದಾರಿ ಪ್ರಶ್ನಾತೀತವಾಗಿ ಮುಚ್ಚಿದಾಗ ಮಾತ್ರ ಅದನ್ನು ವಿಧಿಸಬೇಕೆಂದು ಗೆರೆ ಎಳೆಯಿತು. ಐವರ ಪೀಠದಲ್ಲಿ ಒಬ್ಬರೇ ಭಿನ್ನಮತ ವ್ಯಕ್ತಪಡಿಸಿದ ನ್ಯಾಯಮೂರ್ತಿ ಭಗವತಿಯವರು, ಇದರಿಂದ ಮನುಷ್ಯನ ಜೀವ ಆಯಾ ಪೀಠದಲ್ಲಿ ಕೂತವರ ಮನೋಧರ್ಮವನ್ನು ಅವಲಂಬಿಸಬೇಕಾಗುತ್ತದೆ ಎಂದು ಎಚ್ಚರಿಸಿದರು. ಅನಂತರ ನಡೆದದ್ದು ಆ ಎಚ್ಚರಿಕೆಯನ್ನು ನಿಜವಾಗಿಸಿದೆ.

ಹರಬನ್ಸ್ ಸಿಂಗ್ ಪ್ರಕರಣವನ್ನು ನಮ್ಮ ತರಗತಿಗಳಲ್ಲಿ ಓದಿಯೇ ಇರುತ್ತೇವೆ. ಒಂದೇ ಅಪರಾಧದಲ್ಲಿ, ಒಂದೇ ಬಗೆಯ ಪಾತ್ರಕ್ಕಾಗಿ ಮೂವರಿಗೆ ಗಲ್ಲು ಶಿಕ್ಷೆಯಾಗಿತ್ತು. ಮೂವರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಪೀಠಗಳ ಮುಂದೆ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದರು. ಒಬ್ಬನ ಅರ್ಜಿ ವಜಾ ಆಯಿತು, 1981ರ ಅಕ್ಟೋಬರ್‌ನಲ್ಲಿ ಆತನನ್ನು ಗಲ್ಲಿಗೇರಿಸಲಾಯಿತು. ಎರಡನೆಯವನ ಶಿಕ್ಷೆಯನ್ನು ನ್ಯಾಯಾಲಯ ಜೀವಾವಧಿಗೆ ಇಳಿಸಿತು. ಮೂರನೆಯವನಾದ ಹರಬನ್ಸ್ ಸಿಂಗ್‌ನ ಅರ್ಜಿಯೂ ಮೊದಲು ವಜಾ ಆಗಿತ್ತು; ಕೊನೆಯ ಹಂತದಲ್ಲಿ ಸಲ್ಲಿಸಿದ ರಿಟ್ ಅರ್ಜಿಯಿಂದ ಈ ತಾರತಮ್ಯ ಬೆಳಕಿಗೆ ಬಂದು, ಆತನ ಶಿಕ್ಷೆಯನ್ನು ಇಳಿಸುವಂತೆ 1982ರಲ್ಲಿ ನ್ಯಾಯಾಲಯವೇ ರಾಷ್ಟ್ರಪತಿಗಳಿಗೆ ಶಿಫಾರಸು ಮಾಡಬೇಕಾಯಿತು. ಅಪರಾಧ ಒಂದೇ, ಸಾಕ್ಷ್ಯ ಒಂದೇ, ಕಾನೂನೂ ಒಂದೇ. ಒಬ್ಬ ಸತ್ತು ಇಬ್ಬರು ಉಳಿದದ್ದಕ್ಕೆ ಕಾನೂನಿನಲ್ಲಿ ಹೇಳಬಹುದಾದ ಕಾರಣ ಯಾವುದೂ ಇಲ್ಲ. ಸಂವಿಧಾನದ 14ನೇ ವಿಧಿಯ ಸಮಾನತೆಗೆ ಇದಕ್ಕಿಂತ ದೊಡ್ಡ ಭಂಗ ಇನ್ನೊಂದಿರಲಾರದು.

ಅದು ಹಳೆಯ ಕಾಲದ ಮಾತು ಎಂದು ಎದುರು ಪಕ್ಷದವರು ಹೇಳಬಹುದು. ಹಾಗಿದ್ದರೆ 2009ರ ಸಂತೋಷ್ ಬರಿಯಾರ್ ತೀರ್ಪನ್ನು ನೋಡೋಣ. ಅಪರಾಧವನ್ನು ಮಾತ್ರ ನೋಡಿ ಅಪರಾಧಿಯ ಪರಿಸ್ಥಿತಿಯನ್ನು ಕಡೆಗಣಿಸಿದ 1996ರ ರಾವ್‌ಜಿ ತೀರ್ಪು ಬಚನ್ ಸಿಂಗ್ ತೀರ್ಪಿಗೆ ವಿರುದ್ಧವಾಗಿತ್ತೆಂದೂ, ಅದನ್ನೇ ನಂಬಿ ಮುಂದೆ ಹಲವರಿಗೆ ಗಲ್ಲು ವಿಧಿಸಲಾಗಿದೆಯೆಂದೂ ಸರ್ವೋಚ್ಚ ನ್ಯಾಯಾಲಯವೇ ಅಲ್ಲಿ ಒಪ್ಪಿಕೊಂಡಿತು. ಅಷ್ಟರಲ್ಲಿ, ಆ ತಪ್ಪು ತರ್ಕದಿಂದ ಶಿಕ್ಷೆಗೊಳಗಾದವರಲ್ಲಿ ಇಬ್ಬರನ್ನು ಗಲ್ಲಿಗೇರಿಸಿ ಆಗಿತ್ತು. 2012ರಲ್ಲಿ 14 ಮಂದಿ ನಿವೃತ್ತ ನ್ಯಾಯಮೂರ್ತಿಗಳು ರಾಷ್ಟ್ರಪತಿಗಳಿಗೆ ಪತ್ರ ಬರೆದು, ಹೀಗೆ ತಪ್ಪಾಗಿ ಶಿಕ್ಷೆಗೊಳಗಾಗಿ ಉಳಿದವರ ಜೀವ ಉಳಿಸುವಂತೆ ಕೋರಿದರು.

ಇಷ್ಟು ಹೊತ್ತು ಹೇಳಿದ್ದು ಶಿಕ್ಷೆಯ ಪ್ರಮಾಣದಲ್ಲಾದ ತಪ್ಪು. ಅಪರಾಧಿ ಯಾರೆಂಬುದರಲ್ಲೇ ತಪ್ಪಾದರೆ? ಮಹಾರಾಷ್ಟ್ರದ ಅಂಕುಶ್ ಮಾರುತಿ ಶಿಂಧೆ ಪ್ರಕರಣದಲ್ಲಿ ಆರು ಮಂದಿಗೆ ಸೆಷನ್ಸ್ ನ್ಯಾಯಾಲಯ ಗಲ್ಲು ವಿಧಿಸಿತು. ಉಚ್ಚ ನ್ಯಾಯಾಲಯ ಮೂವರ ಶಿಕ್ಷೆಯನ್ನು ಇಳಿಸಿತ್ತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರಿಗೂ ಗಲ್ಲು ವಿಧಿಸಿ, ಆರೂ ಜನರನ್ನು ನೇಣಿನ ನೆರಳಿಗೆ ತಳ್ಳಿತು. 2019ರಲ್ಲಿ ಅದೇ ನ್ಯಾಯಾಲಯ ಪುನರ್‌ಪರಿಶೀಲನೆಯ ಬಳಿಕ ಆರೂ ಜನರನ್ನು ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಗಾಯಗೊಂಡಿದ್ದ ಪ್ರತ್ಯಕ್ಷ ಸಾಕ್ಷಿ ಪೊಲೀಸರು ತೋರಿಸಿದ ಭಾವಚಿತ್ರಗಳಲ್ಲಿ ಬೇರೆಯವರನ್ನೇ ಗುರುತಿಸಿದ್ದರು, ಅವರ ತನಿಖೆಯೇ ನಡೆದಿರಲಿಲ್ಲ. ಮೂರು ಹಂತದ ನ್ಯಾಯಾಲಯಗಳ ಕಣ್ಣು ತಪ್ಪಿಸಿಕೊಂಡ ಈ ಸಂಗತಿ ಹೊರಬಂದದ್ದು, ಆ ಆರು ಜನ ಅಷ್ಟು ವರ್ಷ ಜೀವಂತವಾಗಿ ಉಳಿದಿದ್ದರಿಂದ. ನ್ಯಾಯಾಲಯ ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಶಿಕ್ಷೆ ಜಾರಿಯಾಗಿದ್ದರೆ ಆ ಹಣವನ್ನು ಯಾರ ಕೈಗೆ ಕೊಡುತ್ತಿದ್ದೆವು? ಬ್ರಿಟನ್‌ನಲ್ಲಿ 1950ರಲ್ಲಿ ಗಲ್ಲಿಗೇರಿದ ಟಿಮೋತಿ ಇವಾನ್ಸ್‌ಗೆ ಕ್ಷಮಾದಾನ ದೊರೆತದ್ದು 1966ರಲ್ಲಿ.

ಈ ಶಿಕ್ಷೆಯ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ಹೇಳಲೇಬೇಕು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯವು ಗಲ್ಲು ಶಿಕ್ಷೆಗೊಳಗಾದ ಕೈದಿಗಳನ್ನು ಕುರಿತು ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಜನ ಆರ್ಥಿಕವಾಗಿ ದುರ್ಬಲರು. ವಿಚಾರಣೆಯ ಹಂತದಲ್ಲಿ ಒಳ್ಳೆಯ ವಕೀಲರು ಸಿಗದವನ ಪಾಟೀಸವಾಲೇ ಸರಿಯಾಗಿ ನಡೆದಿರುವುದಿಲ್ಲ. ಅಲ್ಲಿ ದಾಖಲೆಗೆ ಸೇರದೆ ಹೋದದ್ದನ್ನು ಮೇಲ್ಮನವಿಯಲ್ಲಿ ತರುವುದು ಎಷ್ಟು ಕಷ್ಟವೆಂದು ಇಲ್ಲಿರುವ ಎಲ್ಲರಿಗೂ ಗೊತ್ತು.

ಗಲ್ಲಿನ ಭಯ ಅಪರಾಧವನ್ನು ತಡೆಯುತ್ತದೆ ಎಂಬ ವಾದಕ್ಕೆ ಹೆಚ್ಚು ಸಮಯ ಬೇಕಿಲ್ಲ. ಜೀವಾವಧಿ ಶಿಕ್ಷೆಗಿಂತ ಗಲ್ಲು ಹೆಚ್ಚು ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದು ನಮ್ಮ ಕಾನೂನು ಆಯೋಗ 2015ರ 262ನೇ ವರದಿಯಲ್ಲಿ ತೀರ್ಮಾನಿಸಿದೆ. ಬಿಡುಗಡೆಯಾದ ಕೊಲೆಗಡುಕನಿಂದ ಸಮಾಜಕ್ಕೆ ಅಪಾಯವೆಂಬ ಆತಂಕಕ್ಕೂ ಕಾನೂನಿನಲ್ಲಿ ಉತ್ತರವಿದೆ: 2008ರ ಸ್ವಾಮಿ ಶ್ರದ್ಧಾನಂದ ತೀರ್ಪಿನಿಂದ ಆರಂಭವಾಗಿ, ಸಂವಿಧಾನ ಪೀಠ 2015ರಲ್ಲಿ ಎತ್ತಿಹಿಡಿದ ತತ್ತ್ವದಂತೆ, ಅಪರಾಧಿಯನ್ನು ಶಿಕ್ಷಾ ಕಡಿತವಿಲ್ಲದೆ ಬದುಕಿರುವವರೆಗೂ ಸೆರೆಯಲ್ಲಿಡಬಹುದು.

ಇಲ್ಲಿ ನಾನು ಕಾನೂನು ಆಯೋಗಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಭಯೋತ್ಪಾದನೆ ಮತ್ತು ದೇಶದ ವಿರುದ್ಧದ ಯುದ್ಧವನ್ನು ಬಿಟ್ಟು ಉಳಿದ ಅಪರಾಧಗಳಿಗೆ ಮಾತ್ರ ಗಲ್ಲನ್ನು ರದ್ದುಗೊಳಿಸಬೇಕೆಂದು ಆಯೋಗ ಹೇಳಿತು. ಆದರೆ ಪೊಲೀಸರ ಮೇಲೆ ಒತ್ತಡ ಅತಿ ಹೆಚ್ಚಿರುವುದೂ, ತನಿಖೆ ಹಾದಿ ತಪ್ಪುವ ಸಾಧ್ಯತೆ ಅತಿ ಹೆಚ್ಚಿರುವುದೂ ಅಂಥ ಪ್ರಕರಣಗಳಲ್ಲೇ. ಅಕ್ಷರಧಾಮ ದೇವಾಲಯದ ಮೇಲಿನ ದಾಳಿಯ ಪ್ರಕರಣದಲ್ಲಿ ಗಲ್ಲು ಶಿಕ್ಷೆಗೊಳಗಾಗಿದ್ದ ಮೂವರೂ ಸೇರಿ ಆರು ಮಂದಿಯನ್ನು ಸರ್ವೋಚ್ಚ ನ್ಯಾಯಾಲಯ 2014ರ ಮೇ ತಿಂಗಳಲ್ಲಿ ಖುಲಾಸೆಗೊಳಿಸಿತು; ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟರೆನ್ನಲಾದ ತಪ್ಪೊಪ್ಪಿಗೆಗಳು ಅಲ್ಲಿ ನಿಲ್ಲಲಿಲ್ಲ.

1949ರ ಜೂನ್ 3ರಂದು ಸಂವಿಧಾನ ರಚನಾ ಸಭೆಯಲ್ಲಿ ಮಾತನಾಡಿದ ಡಾ. ಅಂಬೇಡ್ಕರ್ ಅವರು, ಅಹಿಂಸೆಯನ್ನು ನಂಬಿದ ಈ ದೇಶ ಮರಣದಂಡನೆಯನ್ನು ಪೂರ್ತಿಯಾಗಿ ತೆಗೆದುಹಾಕುವುದೇ ಸರಿ ಎಂಬ ಅಭಿಪ್ರಾಯ ವ್ಯಕ್ತಪಡಿಸಿದ್ದರು. 2023ರಲ್ಲಿ ಹೊಸ ಭಾರತೀಯ ನ್ಯಾಯ ಸಂಹಿತೆಯನ್ನು ಬರೆಯುವಾಗ ಆ ಅವಕಾಶ ನಮ್ಮ ಸಂಸತ್ತಿನ ಮುಂದಿತ್ತು, ಅದನ್ನು ಕೈಬಿಟ್ಟದ್ದು ನನಗೆ ತೀವ್ರ ನೋವಿನ ಸಂಗತಿ. ಕೊಲೆಗೆ ಶಿಕ್ಷೆ ಹೇಳುವ 103ನೇ ಕಲಮಿನಿಂದಲೂ ಉಳಿದೆಲ್ಲ ಕಲಮುಗಳಿಂದಲೂ ಮರಣದಂಡನೆಯನ್ನು ತೆಗೆಯುವ ತಿದ್ದುಪಡಿ ಬರಬೇಕು, ಅದು ಬರುವವರೆಗೆ ಯಾವ ಗಲ್ಲು ಶಿಕ್ಷೆಯೂ ಜಾರಿಯಾಗಬಾರದು.

ನನ್ನ ನಂತರ ಮಾತನಾಡಲಿರುವ ಎದುರು ಪಕ್ಷದವರಿಗೆ ಒಂದು ಪ್ರಶ್ನೆಯಿದೆ. ಅಪರೂಪದಲ್ಲಿ ಅಪರೂಪದ ಪ್ರಕರಣ ಯಾವುದೆಂದು ಎರಡು ಪೀಠಗಳು ಒಂದೇ ರೀತಿಯಲ್ಲಿ ಗುರುತಿಸುವಂಥ ಪರೀಕ್ಷೆ ತಮ್ಮ ಬಳಿ ಇದ್ದರೆ ಅದನ್ನು ದಯವಿಟ್ಟು ಈ ವೇದಿಕೆಯಲ್ಲಿ ವಿವರಿಸಬೇಕು. ಇಲ್ಲವಾದರೆ, ಮಾನ್ಯ ಅಧ್ಯಕ್ಷರೇ, ನಿರ್ಣಯವನ್ನು ಸಭೆ ಅಂಗೀಕರಿಸಬೇಕೆಂದು ಕೋರುತ್ತೇನೆ.